ಕಾಲೆಳೆಯುವ ಮಾತು, ಕಾಡುವ ಮಾತು

ಜೊತೆಗೂಡಿ ಆಡುವವರು ಒಬ್ಬರನ್ನೊಬ್ಬರು ಕಿಚಾಯಿಸಬಾರದೆಂದು ನಾವು ಹೇಳುವವರಲ್ಲ. ಇಂದಿನ ಹುಡುಗರ ಮೆಚ್ಚಿನ ‘ವ್ಯಾಲರಂಟ್’ ಆಟವನ್ನೇ ನೋಡೋಣ. ಐವರ ತಂಡ ಇನ್ನೈವರನ್ನು ಎದುರಿಸುತ್ತದೆ. ಸಾಮಾನ್ಯವಾಗಿ ಮೊದಲು 13 ಸುತ್ತು ಗೆದ್ದವರದು ಪಂದ್ಯ. ಸುತ್ತುಗಳ ನಡುವೆ ಆಯುಧ ಕೊಳ್ಳಲು ಅರೆ ನಿಮಿಷದ ಬಿಡುವಿರುತ್ತದೆ. “ಆ ಗೋಡೆ ನಿನಗೇನು ಅನ್ಯಾಯ ಮಾಡಿತ್ತು ಮಾರಾಯಾ, ಗುಂಡೆಲ್ಲ ಅದಕ್ಕೇ ಹೊಡೆದೆ?” ಎಂದು ಒಬ್ಬ ಕೇಳುತ್ತಾನೆ. “ನೀನು ಆಗಲೇ ಸತ್ತು ಬಿದ್ದಿದ್ದೆ, ನೋಡಲು ಪುರುಸೊತ್ತಿತ್ತು” ಎಂದು ಇನ್ನೊಬ್ಬ ತಿರುಗಿಸುತ್ತಾನೆ. ಸುತ್ತು ಶುರುವಾದೊಡನೆ ಇಬ್ಬರೂ ಸುಮ್ಮನಾಗುತ್ತಾರೆ. ಇದು ಸಲಿಗೆ.

ನಮ್ಮ ಬಳಗದ ಮನೆಯೊಂದರ ಹುಡುಗಿ ಪುಣೆಯಲ್ಲಿ ಕುಳಿತು ನಾಲ್ವರು ಅಪರಿಚಿತರೊಡನೆ ಇದೇ ಆಟ ಆಡುತ್ತಿದ್ದಳು. ಒಂದು ಸುತ್ತಿನಲ್ಲಿ ತನ್ನ ತಂಡದಲ್ಲಿ ಅವಳೊಬ್ಬಳೇ ಉಳಿದಳು; ಎದುರಿಗೆ ಇಬ್ಬರು. ಅಂಥ ಗಳಿಗೆಯಲ್ಲಿ ಕಣ್ಣಿಗಿಂತ ಕಿವಿ ಮುಖ್ಯ, ಎದುರಾಳಿಯ ಹೆಜ್ಜೆಸಪ್ಪಳದಿಂದಲೇ ಅವನಿರುವ ದಿಕ್ಕನ್ನು ಅರಿಯಬೇಕು. ಸತ್ತ ಸಂಗಡಿಗರು ಅವಳ ಆಟವನ್ನು ನೋಡಬಲ್ಲರು, ಅವಳ ಕಿವಿಯಲ್ಲಿ ಮಾತನಾಡಬಲ್ಲರು. ಅವರಲ್ಲೊಬ್ಬ ಅವಳ ದನಿಯನ್ನು ಅಣಕಿಸಿದ. ಹುಡುಗಿಯರಿಗೇಕೆ ಈ ಆಟ ಎಂದ. ಅವಳ ಹಿಂದಿಯ ಉಚ್ಚಾರಣೆ ಹಿಡಿದು ‘ಮದ್ರಾಸಿ’ ಎಂದು ಹಂಗಿಸಿದ. ಸುಮ್ಮನಿರು ಎಂದು ಅವಳು ಕೇಳಿಕೊಂಡಷ್ಟೂ ಮಾತು ಏರಿತು. ಹೆಜ್ಜೆಸಪ್ಪಳ ಕೇಳಲಿಲ್ಲ. ಸುತ್ತು ಸೋತಿತು. ಅನಂತರ ಅವಳು ಬಾಯಿ ತೆರೆಯಲೇ ಇಲ್ಲ.

ಗೆರೆ ಎಲ್ಲಿದೆಯೆಂಬುದು ಇಲ್ಲಿ ಕಾಣುತ್ತದೆ. ಗೋಡೆಗೆ ಹೊಡೆದ ಗುಂಡನ್ನು ಮುಂದಿನ ಸುತ್ತಿನಲ್ಲಿ ತಿದ್ದಿಕೊಳ್ಳಬಹುದು. ಹೆಣ್ಣಾಗಿರುವುದನ್ನು, ತಾಯ್ನುಡಿಯ ಛಾಯೆಯನ್ನು ಯಾರು ತಿದ್ದಿಕೊಳ್ಳಬೇಕು? ಮೊದಲನೆಯ ಮಾತು ಮರುಮಾತನ್ನು ಕರೆಯುತ್ತದೆ, ಎರಡನೆಯದು ಬಾಯಿ ಮುಚ್ಚಿಸುತ್ತದೆ. ಒರಟು ಪದ ಬಳಕೆಯಾಯಿತೇ ಎಂಬುದಕ್ಕಿಂತ, ಬೇಡವೆಂದಾಗ ನಿಂತಿತೇ ಎಂಬುದೇ ನಮಗೆ ಸರಿಯಾದ ಒರೆಗಲ್ಲು.

‘ಮ್ಯೂಟ್ ಒತ್ತಿದರಾಯಿತಲ್ಲ’ ಎನ್ನುವವರಿದ್ದಾರೆ. ಎದುರಾಳಿಯ ಮೂದಲಿಕೆಗೆ ಆ ಉಪಾಯ ಸಾಕು. ಆದರೆ ಸಂಗಡಿಗನ ದನಿಯನ್ನು ಅಡಗಿಸಿದರೆ, ವೈರಿ ಎಲ್ಲಿದ್ದಾನೆಂದು ಅವನು ಕೊಡುವ ಸುಳಿವೂ ಅಡಗುತ್ತದೆ. ನಡುವೆ ಎದ್ದುಹೋದರೆ ಆಟದ ದಂಡ ಬೀಳುವುದೂ ಅವಳಿಗೇ. ನೋವುಂಡವಳೇ ನಷ್ಟವನ್ನೂ ಹೊರುವ ಉಪಾಯವಿದು. ಪಂದ್ಯ ಮುಗಿದ ಮೇಲೆ ದೂರು ಕೊಡಬಹುದು, ಕೊಡಲೂಬೇಕು. ಆದರೆ ಕಳೆದ ಆ ಸುತ್ತು ದೂರಿನಿಂದ ಮರಳದು.

ಆದ್ದರಿಂದ ನಮ್ಮ ಮಾತು ಕಾಡಿದವನಿಗಿಂತ ಕೇಳುತ್ತಿದ್ದ ಉಳಿದ ಮೂವರಿಗೆ. “ಸಾಕು, ಅವಳು ಆಡಲಿ” ಎನ್ನಲು ಎರಡು ಕ್ಷಣ ಬೇಕು. ಅವರಿಗೂ ಆ ಸುತ್ತು ಗೆಲ್ಲಬೇಕಾಗಿತ್ತು. ಆದರೂ ಒಬ್ಬ ನಕ್ಕ, ಇಬ್ಬರು ಸುಮ್ಮನಿದ್ದರು. ಆ ನಗೆಯನ್ನೂ ಮೌನವನ್ನೂ ಅವನು ಒಪ್ಪಿಗೆಯೆಂದೇ ಎಣಿಸಿದ.