ಎಲ್ಲದಕ್ಕೂ ‘ಫಿಶ್‌ಐ’ ಅನ್ಬೇಡ್ರಪ್ಪಾ

(1/5)

ಈ ಸರಣಿಯ ಹಿಂದಿನ ಪೋಸ್ಟ್‌ಗಳನ್ನ ಓದಿದವರಿಗೆ ಗೊತ್ತು, ನಾನು ಕ್ಯಾಪ್ಶನ್ ಚಿಕ್ಕದಾಗಿ ಬರೆಯೋ ಪೈಕಿ ಅಲ್ಲ. ಇವತ್ತಿನದು ಸ್ವಲ್ಪ ಜಗಳದ ವಿಷಯ. ಫೋಟೋ ಸ್ವೈಪ್ ಮಾಡಿ ನೋಡ್ತಾ ಓದಿ.

ಮಲವಗೊಪ್ಪದಿಂದ ಭದ್ರಾವತಿವರೆಗೆ, ಹೊಸದಾಗಿ ಟಾರು ಹಾಕಿದ ಲೇಔಟ್ ರಸ್ತೆ ಎಲ್ಲೇ ಇರ್ಲಿ, ಸಂಜೆ ಐದಾಯ್ತು ಅಂದ್ರೆ ನಾಲ್ಕು ಸೈಕಲ್ ಇರ್ತವೆ, ಒಂದು ಫೋನ್ ಇರುತ್ತೆ. ಅದರ ಜತೆಗೆ ಒಂದು ಕೂಗೂ ಇರುತ್ತೆ: “ಲೋ, ಫಿಶ್‌ಐ ಹಾಕೋ!” ಈ ಕೂಗಿಗೆ ಅರ್ಥ ಏನು ಅಂತ ಕೇಳಿದ್ರೆ ಒಬ್ಬೊಬ್ಬರದ್ದು ಒಂದೊಂದು. ಒಬ್ಬನಿಗೆ ಫೋನಿನ 0.5x ಬಟನ್. ಇನ್ನೊಬ್ಬನಿಗೆ ಆನ್‌ಲೈನ್‌ನಲ್ಲಿ ತರಿಸಿದ ಕ್ಲಿಪ್ ಲೆನ್ಸ್. ಮತ್ತೊಬ್ಬನಿಗೆ ಆ್ಯಪ್‌ನಲ್ಲಿರೋ ಫಿಲ್ಟರ್. ಆಕ್ಷನ್ ಕ್ಯಾಮೆರಾ ಇರೋನಿಗೆ ಅದರ ವೈಡ್ ಮೋಡ್.

ಈ ನಾಲ್ಕೂ ಬೇರೆ ಬೇರೆ. ಚಿತ್ರ ಕೆಡಿಸೋ ರೀತಿಯೂ ಬೇರೆ. ಹೆಸರು ಮಾತ್ರ ಒಂದೇ ಇಟ್ಕೊಂಡಿದ್ದೀವಿ. ನನ್ನ ವಾದ ಇಷ್ಟೇ: ನೇರ ಗೆರೆ ಬಾಗಿದ್ರೆ ಮಾತ್ರ ಅದಕ್ಕೆ ಫಿಶ್‌ಐ ಅನ್ನಿ. ಉಳಿದದ್ದಕ್ಕೆ ಅದರದೇ ಹೆಸರು ಹೇಳಿ. ಜತೆಗೆ ಎಷ್ಟು ದೂರದಿಂದ ತೆಗೆದಿರಿ ಅನ್ನೋದನ್ನೂ ಬರೀರಿ. ಅದ್ಯಾಕೆ ಅಷ್ಟು ಮುಖ್ಯ ಅಂತ ಮುಂದೆ ಹೇಳ್ತೀನಿ.

(2/5)

ಮೊದಲು 0.5x ತಗೊಳ್ಳಿ. ಐಫೋನ್ 11ರಲ್ಲಿ 2019ರಲ್ಲಿ ಬಂದ ಅಲ್ಟ್ರಾವೈಡ್ ಮೂಲೆಯಿಂದ ಮೂಲೆಗೆ 120 ಡಿಗ್ರಿ ನೋಡುತ್ತೆ. ಬೇರೆ ಫೋನ್‌ಗಳದ್ದೂ ಸುಮಾರು ಅದೇ ಆಸುಪಾಸು. ಇಷ್ಟು ಅಗಲ ನೋಡೋ ಲೆನ್ಸ್‌ನಲ್ಲಿ ಗೆರೆಗಳು ಬಾಗಬೇಕಿತ್ತು, ಆದ್ರೆ ಫೋನೇ ಅದನ್ನ ಒಳಗೊಳಗೇ ತಿದ್ದಿ ನೇರ ಮಾಡಿ ಕೊಡುತ್ತೆ. ಐಫೋನ್ 12ರಿಂದ ಈಚೆಗೆ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ Lens Correction ಅಂತ ಇರುತ್ತೆ ನೋಡಿ, ಅದೇ ಇದು. ಹಾಗಾಗಿ 0.5xನಲ್ಲಿ ಕರೆಂಟ್ ಕಂಬ ನೇರವಾಗೇ ನಿಂತಿರುತ್ತೆ.

ಆದ್ರೆ ನೇರ ಇಟ್ಟಿದ್ದಕ್ಕೆ ಬೆಲೆ ಕೊಡಲೇಬೇಕು. ಅಂಚಿನಲ್ಲಿರೋ ವಸ್ತು ಹೊರಕ್ಕೆ ಎಳೆದುಕೊಳ್ಳುತ್ತೆ. ಗ್ರೂಪ್ ಫೋಟೋದಲ್ಲಿ ಕೊನೆಗೆ ನಿಂತವನ ತಲೆ ಹಲಸಿನ ಹಣ್ಣಿನ ಆಕಾರಕ್ಕೆ ಬರೋದು ಇದರಿಂದಲೇ. ಫ್ರೇಮಿನ ಎಡ-ಬಲ ತುದಿಯಲ್ಲಿ ದುಂಡಗಿನ ವಸ್ತು ಇದ್ರೆ ಅದು ಅಡ್ಡಕ್ಕೆ ಸುಮಾರು ಒಂದೂವರೆ ಪಟ್ಟು ಉದ್ದ ಕಾಣುತ್ತೆ.

ಇಲ್ಲೊಂದು ಮಜಾ ಇದೆ, ಸೈಕಲ್ ತೆಗೆಯೋರು ಗಮನಿಸಿ. ಸೈಕಲ್ಲನ್ನ ಪೂರ್ತಿ ಪಕ್ಕದಿಂದ, ಫೋನ್ ಅದಕ್ಕೆ ಸಮಾನಾಂತರವಾಗಿ ಹಿಡಿದು ತೆಗೆದ್ರೆ, ಅಂಚಿನಲ್ಲಿದ್ರೂ ಚಕ್ರ ದುಂಡಗೇ ಇರುತ್ತೆ. ಯಾಕಂದ್ರೆ ಚಕ್ರ ಚಪ್ಪಟೆ, ಫೋನಿನ ಎದುರು ಗೋಡೆ ಥರ ನಿಂತಿದೆ. ಅಂಥ ಚಪ್ಪಟೆ ವಸ್ತುವಿನ ಆಕಾರವನ್ನ ಈ ರೀತಿಯ ಚಿತ್ರ ಕೆಡಿಸಲ್ಲ. ತಲೆ, ಹೆಲ್ಮೆಟ್, ಚೆಂಡು ಇಂಥ ಉರುಟು ವಸ್ತು ಮಾತ್ರ ಮೊಟ್ಟೆ ಆಗುತ್ತೆ. ಫೋನ್ ಸ್ವಲ್ಪ ಓರೆ ಆದ್ರೂ ಚಕ್ರವೂ ಮೊಟ್ಟೆಯೇ.

ನಿಜವಾದ ಫಿಶ್‌ಐ ಇದಕ್ಕೆ ಉಲ್ಟಾ. ತಲೆ ಅಂಚಿಗೆ ಬಂದ್ರೂ ಅಷ್ಟು ಎಳೆಯಲ್ಲ, ಬದಲಿಗೆ ಕಂಬವನ್ನ ಬಿಲ್ಲಿನ ಥರ ಬಗ್ಗಿಸುತ್ತೆ. ಫ್ರೇಮಿನ ನಟ್ಟನಡುವೆ ಹಾಯೋ ಗೆರೆ ಮಾತ್ರ ನೇರ. ಕ್ಯಾಮೆರಾ ಕೆಳಗೆ ಬಗ್ಗಿಸಿದ್ರೆ ದೂರದ ದಿಗಂತ ಮೇಲಕ್ಕೆ ಹೋಗಿ ಗುಡ್ಡದ ಹಾಗೆ ಉಬ್ಬುತ್ತೆ, ಮೇಲೆತ್ತಿದ್ರೆ ಬಾಣಲೆ ಥರ ತಗ್ಗುತ್ತೆ. ಹಾಗಾಗಿ ಯಾವುದು ಯಾವುದು ಅಂತ ಗೊತ್ತಾಗಬೇಕಾದ್ರೆ ಕಂಬ ನೋಡಿ, ತಲೆ ನೋಡಿ. ಕಂಬ ನೇರ ಇದ್ದು ತಲೆ ಹಲಸು ಆಗಿದ್ರೆ 0.5x. ಕಂಬ ಬಾಗಿದ್ರೆ ಫಿಶ್‌ಐ. ಕಂಬ ಬಾಗಿದೆ, ಆದ್ರೆ ಹಿಂದಿನ ದೃಶ್ಯ ಏನೂ ಅಗಲ ಆಗಿಲ್ಲ, ಮಧ್ಯ ಮಾತ್ರ ಬಲೂನ್ ಥರ ಉಬ್ಬಿದೆ ಅಂದ್ರೆ ಅದು ಫಿಲ್ಟರ್. 1x ಚಿತ್ರವನ್ನೇ ಹಿಗ್ಗಿಸಿದ್ದು ಅಷ್ಟೇ, ಲೆನ್ಸ್ ನೋಡದೇ ಇದ್ದದ್ದನ್ನ ಫಿಲ್ಟರ್ ತಂದುಕೊಡಕ್ಕಾಗಲ್ಲ.

(3/5)

“ಹಾಗಿದ್ರೆ ಸ್ಕೇಟ್‌ಬೋರ್ಡ್ ವಿಡಿಯೋ ಎಲ್ಲಾ ಫಿಶ್‌ಐ ಯಾಕೆ?” ಅಂತ ಕೆಲವರು ಕೇಳಿದ್ರಿ. ಅದಕ್ಕೆ ಕಾರಣ ಇದೆ. ಸ್ಕೇಟ್ ವಿಡಿಯೋ ತೆಗೆಯೋನು ತಾನೂ ಬೋರ್ಡ್ ಮೇಲೆ ಪಕ್ಕದಲ್ಲೇ ಉರುಳ್ತಾ, ಕ್ಯಾಮೆರಾವನ್ನ ಮೊಣಕಾಲಿಗಿಂತ ಕೆಳಗೆ ಹಿಡಿದು ಹೋಗ್ತಾನೆ. ಅಷ್ಟು ಹತ್ತಿರದಿಂದ ಕಾಲು, ಬೋರ್ಡ್, ಮೆಟ್ಟಿಲು ಮೂರೂ ಒಂದೇ ಫ್ರೇಮಿನಲ್ಲಿ ಬರಬೇಕು. 1995ರಲ್ಲಿ ಬಂದ ಸೋನಿ ವಿಎಕ್ಸ್1000 ಕ್ಯಾಮ್‌ಕಾರ್ಡರ್‌ಗೆ ಸೆಂಚುರಿ ಆಪ್ಟಿಕ್ಸ್‌ನ ಫಿಶ್‌ಐ ಹಾಕಿ ತೆಗೆಯೋದು ಅಮೆರಿಕದ ಸ್ಕೇಟರ್‌ಗಳಿಗೆ ಪದ್ಧತಿಯೇ ಆಗಿಹೋಯ್ತು. ಮೇಲೆ ಹ್ಯಾಂಡಲ್ ಇದ್ದಿದ್ರಿಂದ ಕೆಳಗೆ ತೂಗುಬಿಟ್ಟ ಹಾಗೆ ಹಿಡಿಯೋದು ಸುಲಭ. ಮೂಲೆ ಕಪ್ಪಾಗಿ, ದುಂಡಗೆ ಕಾಣೋ ಆ ಚಿತ್ರವೇ ಸ್ಕೇಟ್‌ಬೋರ್ಡಿಂಗ್‌ನ ಗುರುತು ಆಯ್ತು. ಈಗ ಬೆಂಗಳೂರಿನ ಸ್ಕೇಟರ್‌ಗಳ ವಿಡಿಯೋ ನೋಡಿದ್ರೂ ಅದೇ ರುಚಿ.

ಸ್ಕೇಟ್‌ಬೋರ್ಡ್‌ಗೆ ಅದು ಒಪ್ಪುತ್ತೆ ಅಂತ ನಾನೂ ಒಪ್ತೀನಿ. ಬೋರ್ಡ್ ಉದ್ದ ಎರಡೂವರೆ ಅಡಿ ಅಷ್ಟೇ, ಫ್ರೇಮಿನ ನಡುವೆ ಇಟ್ಕೊಂಡ್ರೆ ಜಾಸ್ತಿ ಬಾಗಲ್ಲ, ಬಾಗೋದೆಲ್ಲ ಹಿಂದಿನ ಕಟ್ಟಡ, ರೈಲಿಂಗು. ಸೈಕಲ್ ಹಾಗಲ್ಲ ಮಾರಾಯ್ರೆ. ಅದರ ಉದ್ದ ಐದೂವರೆ ಅಡಿ. ಹತ್ತಿರದಿಂದ ಫಿಶ್‌ಐನಲ್ಲಿ ಪಕ್ಕದಿಂದ ತೆಗೆದ್ರೆ ಎರಡೂ ಚಕ್ರ ಅಂಚಿಗೆ ಹೋಗಿ ಫ್ರೇಮ್ ಬಾಳೆಹಣ್ಣು ಆಗುತ್ತೆ. ಸೈಕಲ್‌ಗೆ ಫಿಶ್‌ಐ ಬೇಕೇ ಬೇಕು ಅಂದ್ರೆ ಮುಂದಿನಿಂದ, ಇಲ್ಲಾ ಹಿಂದಿನಿಂದ ತೆಗೀರಿ. ಪಕ್ಕದಿಂದ ಆದ್ರೆ 0.5xಏ ಸರಿ, ಇದು ನನ್ನ ಅಭಿಪ್ರಾಯ. ಬೈಬೇಕಾದ್ರೆ ಕಾಮೆಂಟ್‌ನಲ್ಲಿ ಬೈರಿ.

ಕ್ಲಿಪ್ ಲೆನ್ಸ್ ಇರೋರಿಗೆ ಒಂದು ಮಾತು. ಅದನ್ನ 1x ಕ್ಯಾಮೆರಾ ಮೇಲೇ ಕೂರಿಸಿ, ಜೂಮ್ ಮುಟ್ಟಬೇಡಿ. ಮುಟ್ಟಿದ್ರೆ ಫೋನ್ ತಾನಾಗೇ ಇನ್ನೊಂದು ಕ್ಯಾಮೆರಾಗೆ ಹಾರುತ್ತೆ, ಕ್ಲಿಪ್ ಸುಮ್ಮನೆ ಕೂತಿರುತ್ತೆ.

(4/5)

ಈಗ ಲೆಕ್ಕ. ಬಿಕಾಂ ಓದ್ತಿರೋದು ಇದಕ್ಕಾದ್ರೂ ಉಪಯೋಗಕ್ಕೆ ಬರ್ಲಿ.

ಒಬ್ಬ ಹುಡುಗ ಬನ್ನಿ ಹಾಪ್ ಮಾಡ್ತಾನೆ, ಟೈರು ನೆಲದಿಂದ 10 ಇಂಚು ಏಳುತ್ತೆ. ಫೋನನ್ನ ತಲೆಕೆಳಗಾಗಿ ಹಿಡಿದ್ರೆ ಲೆನ್ಸ್ ನೆಲದಿಂದ 2 ಇಂಚಿಗೆ ಬರುತ್ತೆ. ಅಂದ್ರೆ ಟೈರು ಲೆನ್ಸ್‌ಗಿಂತ 8 ಇಂಚು ಮೇಲೆ. ಫೋನಿಗೂ ಸೈಕಲ್‌ಗೂ ನಡುವೆ 2 ಅಡಿ, ಅಂದ್ರೆ 24 ಇಂಚು. 8ನ್ನ 24ರಿಂದ ಭಾಗಿಸಿ: ಮೂರನೇ ಒಂದು. ಹಿಂದೆ 64 ಅಡಿ ದೂರದಲ್ಲಿ 16 ಅಡಿಯ ಮರ ಇದೆ ಅನ್ಕೊಳ್ಳಿ. 16ನ್ನ 64ರಿಂದ ಭಾಗಿಸಿದ್ರೆ ನಾಲ್ಕನೇ ಒಂದು. ಫೋನ್ ಮಟ್ಟವಾಗಿ ಹಿಡಿದಿದ್ರೆ ಚಿತ್ರದಲ್ಲಿ ಎತ್ತರ ಕಾಣೋದು ಈ ಭಾಗಲಬ್ಧದ ಪ್ರಕಾರವೇ. ಮೂರನೇ ಒಂದು ದೊಡ್ಡದು. ಅಂದ್ರೆ ಹತ್ತು ಇಂಚಿನ ಜಿಗಿತ ಮರದ ತುದಿ ದಾಟಿಬಿಡ್ತು!

ಈಗ ಅದೇ ಜಿಗಿತ, ಫೋನ್ 12 ಅಡಿ ಹಿಂದಕ್ಕೆ. 8ನ್ನ 144ರಿಂದ ಭಾಗಿಸಿದ್ರೆ ಹದಿನೆಂಟನೇ ಒಂದು. ಮರ ಈಗ 74 ಅಡಿ ದೂರ, ಸುಮಾರು ನಾಲ್ಕೂವರೆಯಲ್ಲಿ ಒಂದು. ಟೈರು ಮರದ ಎತ್ತರದ ಕಾಲು ಭಾಗಕ್ಕೆ ಇಳೀತು. ಹುಡುಗ ಅದೇ, ಸೈಕಲ್ ಅದೇ.

ಗಮನಿಸಿ, ಈ ಲೆಕ್ಕದಲ್ಲಿ ಲೆನ್ಸ್ ಎಲ್ಲೂ ಬರ್ಲೇ ಇಲ್ಲ. ಬಂದದ್ದು ದೂರ ಮಾತ್ರ. ವೈಡ್ ಲೆನ್ಸ್ ಮಾಡಿದ್ದು ಏನಂದ್ರೆ, ಎರಡಡಿಗೆ ಹೋದ್ರೂ ಇಡೀ ಸೈಕಲ್ ಫ್ರೇಮಿನಲ್ಲಿ ಹಿಡಿಯೋ ಹಾಗೆ ಮಾಡ್ತು. 1xನಲ್ಲಿ ಎರಡಡಿಗೆ ಹೋದ್ರೆ ಪೆಡಲ್ ಸುತ್ತ ಇರೋದಷ್ಟೇ ಸಿಗುತ್ತೆ. ಅದಕ್ಕೇ ನಾನು ಹೇಳೋದು, ಲೆನ್ಸ್ ಹೆಸರೊಂದೇ ಬರೆದ್ರೆ ಅರ್ಧ ಮಾಹಿತಿ. ದೂರ ಬರೆಯದೇ ಇದ್ರೆ ನೋಡೋನಿಗೆ ಏನೂ ಗೊತ್ತಾಗಲ್ಲ.

ನಮ್ಮ ಬೀದಿಯಲ್ಲಿ ಎಂಟನೇ ಕ್ಲಾಸಿನ ಹುಡುಗನೊಬ್ಬ ಇದ್ದಾನೆ. ಗೇರ್ ಇಲ್ಲದ ಸೈಕಲ್‌ನಲ್ಲೇ ಏಳೆಂಟು ಇಂಚು ಚೆನ್ನಾಗಿ ಎಗರ್ತಾನೆ. ರೀಲ್ಸ್‌ನಲ್ಲಿ ಮರದೆತ್ತರ ಹಾರೋರನ್ನ ನೋಡಿ, “ಅಣ್ಣಾ, ನನ್ ಸೈಕಲ್ ಸರಿ ಇಲ್ಲ, ಅಪ್ಪ ಹೊಸದು ಕೊಡಿಸ್ತಿಲ್ಲ” ಅಂತ ಒಂದು ವಾರ ಮನೇಲಿ ಮಾತು ಬಿಟ್ಟಿದ್ದ. ಅವನ ಜಿಗಿತವನ್ನೇ 0.5xನಲ್ಲಿ ನೆಲಕ್ಕೆ ಕೂತು ತೆಗೆದು ತೋರಿಸಿದ್ವಿ. “ಇದು ನಾನಾ?” ಅಂದ. ಆಮೇಲೆ ನೆರಳು ನೋಡು ಅಂದೆ. ಬಿಸಿಲಿದ್ದಾಗ ಟೈರಿಗೂ ಅದರ ನೆರಳಿಗೂ ನಡುವಿನ ಅಂತರವನ್ನ ಅದೇ ಚಿತ್ರದ ಚಕ್ರದ ಜತೆ ಹೋಲಿಸಿದ್ರೆ ನಿಜವಾದ ಎತ್ತರದ ಅಂದಾಜು ಸಿಗುತ್ತೆ, ಸೂರ್ಯ ನೆತ್ತಿ ಮೇಲಿದ್ರೆ ಇನ್ನೂ ಸರಿಯಾಗಿ. ಚಕ್ರ ಸುಮಾರು 26 ಇಂಚು. ಅಂತರ ಅದರ ಮೂರನೇ ಒಂದು ಇದ್ರೆ ಜಿಗಿತ ಒಂಬತ್ತು ಇಂಚಿನ ಹತ್ತಿರ. ಮರದ ಜತೆ ಹೋಲಿಸಬೇಡಿ, ಚಕ್ರದ ಜತೆ ಹೋಲಿಸಿ.

(5/5)

ಕೊನೇದು, ಫೋನ್ ಹಿಡಿಯೋನ ಬಗ್ಗೆ. ಯಾರೂ ಅವನ ಬಗ್ಗೆ ಮಾತಾಡಲ್ಲ.

0.5xನಲ್ಲಿ ಸೈಕಲ್ 1xನಲ್ಲಿ ಕಾಣೋದರ ಅರ್ಧದಷ್ಟೇ ಕಾಣುತ್ತೆ. ಎರಡಡಿ ದೂರದಲ್ಲಿದ್ದದ್ದು ಸ್ಕ್ರೀನ್‌ನಲ್ಲಿ ನಾಲ್ಕಡಿ ದೂರ ಇದ್ದ ಹಾಗೆ. ಸ್ಕ್ರೀನ್ ನೋಡ್ತಾ ಕೂತವನು “ಇನ್ನೂ ಜಾಗ ಇದೆ” ಅಂತ ಕೈ ಮುಂದಕ್ಕೆ ಚಾಚ್ತಾನೆ. ಎಂಟಿಬಿ ಹ್ಯಾಂಡಲ್ ಅಗಲ ಸುಮಾರು 28 ಇಂಚು, ಅಂದ್ರೆ ಚಕ್ರದ ಗೆರೆಯಿಂದ ಆ ಕಡೆ 14, ಈ ಕಡೆ 14. ಚಕ್ರದಿಂದ 24 ಇಂಚು ದೂರ ಇದ್ದೀನಿ ಅನ್ಕೊಂಡವನಿಗೂ ಹ್ಯಾಂಡಲ್ ತುದಿಗೂ ಉಳಿದದ್ದು 10 ಇಂಚು. ಕೂತವನ ಮುಖ ಇರೋದು ಸರಿಯಾಗಿ ಹ್ಯಾಂಡಲ್ ಮಟ್ಟದಲ್ಲೇ. ನಮ್ಮ ಗ್ಯಾಂಗ್‌ನಲ್ಲಿ ಒಬ್ಬನ ಹುಬ್ಬಿಗೆ ಮೂರು ಹೊಲಿಗೆ ಬಿದ್ದದ್ದು ಜಿಗಿದು ಅಲ್ಲ, ಜಿಗಿಯೋದನ್ನ ತೆಗೆಯಕ್ಕೆ ಹೋಗಿ. “ಫಿಶ್‌ಐ ಹಾಕು, ಹತ್ರ ಬಾ” ಅಂತ ಇಬ್ಬರು ಕೂಗಿದ್ರು. ಎಷ್ಟು ಹತ್ರ ಅಂತ ಯಾರೂ ಹೇಳಿರಲಿಲ್ಲ.

ಈಗ ನಾವು ಹೀಗೆ ಹೇಳ್ತೀವಿ: “ಪಾಯಿಂಟ್ ಫೈವ್, ಮೂರಡಿ, ನೆಲಮಟ್ಟ, ಮಟ್ಟವಾಗಿ.” ಮೂರಡಿ ಎಲ್ಲಿ ಅಂತ ಮೊದಲೇ ಚಾಕ್‌ಪೀಸ್‌ನಲ್ಲಿ ಗೆರೆ ಎಳೀತೀವಿ. ಸವಾರ ಒಂದು ಗೆರೆ ಮೇಲೆ, ಫೋನ್ ಹಿಡಿದೋನು ಇನ್ನೊಂದರ ಹಿಂದೆ. ಅವನು ಸ್ಕ್ರೀನ್ ಬದಲು ಗೆರೆ ನೋಡ್ತಾನೆ. ಮೂರಡಿಯಿಂದ ಅದೇ ಜಿಗಿತ ಮರದ ತುದಿ ದಾಟಲ್ಲ, ಸ್ವಲ್ಪ ಕೆಳಗೇ ನಿಲ್ಲುತ್ತೆ. ನಿಲ್ಲಲಿ ಬಿಡಿ.

ಮೊದಲ ಫೋಟೋ 0.5x, 2 ಅಡಿ (ಫೋನ್ ಸ್ಟ್ಯಾಂಡ್ ಮೇಲೆ, ಟೈಮರ್ ಹಾಕಿ). ಎರಡನೇದು 0.5x, 3 ಅಡಿ. ಮೂರನೇದು 1x, 12 ಅಡಿ. ನಾಲ್ಕನೇದು ಕ್ಲಿಪ್ ಫಿಶ್‌ಐ, ಎದುರಿನಿಂದ. ಕಂಬ ಹೇಗೆ ಬಾಗಿದೆ ನೋಡಿ.

#ಮಲವಗೊಪ್ಪ #ಶಿವಮೊಗ್ಗ #ಸೈಕಲ್ #ಪಾಯಿಂಟ್‌ಫೈವ್