ಮರಳಿ ಬಂದವರ ಲೆಕ್ಕ ಯಾರಿಟ್ಟಿದ್ದಾರೆ?

ಶಿವಾಜಿನಗರದ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸೇಲ್ಸ್‌ಮನ್ ಬಟ್ಟೆ ತಗಲಿಸಿಬಿಟ್ಟ ಎಂದು ನಾವೆಲ್ಲ ಬೈಯುತ್ತೇವೆ. ಬೈಯಬೇಕಾದ್ದು ಗಲ್ಲಾದ ಹಿಂದಿನ ಲೆಕ್ಕವನ್ನು. ಬಿಲ್ಲಿಗೆ ಶೇ. 1 ಕಮಿಷನ್ ಎಂದಿಟ್ಟುಕೊಳ್ಳಿ. 4,000 ರೂಪಾಯಿಯ ಚೂಡಿದಾರ್ ಮಾರಿದವನಿಗೆ 40. ಮೊದಲ ಒಗೆತಕ್ಕೇ ಬಣ್ಣ ಬಿಟ್ಟರೂ ಆ 40 ಅವನದೇ. ‘ಇದು ಬೇಡ ಅಕ್ಕಾ, ಬಣ್ಣ ನಿಲ್ಲಲ್ಲ’ ಅಂದವನಿಗೆ ಸೊನ್ನೆ.

ಮಾಲೀಕರೇ, ಲೆಕ್ಕ ಬದಲಿಸಿ. ಪ್ರತಿ ಬಿಲ್ಲಿಗೆ ಅರ್ಧ ಶೇಕಡಾ, ಮಾರಿದವನಿಗೆ. ಅದೇ ಗಿರಾಕಿ ಆರು ತಿಂಗಳೊಳಗೆ ಮತ್ತೆ ಬಂದರೆ ಆ ಬಿಲ್ಲಿನ ಶೇ. 1 ಹಿಂದಿನ ಸಲ ಮಾರಿದವನಿಗೆ. ಮೊದಲು 4,000ಕ್ಕೆ 20. ಆಮೇಲೆ ಆಕೆ 3,000ದ್ದು ಕೊಂಡರೆ ಮಾರಿದವನಿಗೆ 15, ಹಿಂದಿನವನಿಗೆ 30. ಒಟ್ಟು 65. ಹಳೇ ಲೆಕ್ಕದಲ್ಲಿ 70 ಆಗುತ್ತಿತ್ತು. ಗಿರಾಕಿ ನನ್ನವಳು ಎಂಬ ಜಗಳವೂ ತಗ್ಗುತ್ತದೆ, ಇಬ್ಬರಿಗೂ ಪಾಲಿದೆಯಲ್ಲ.

ಕಳ್ಳದಾರಿ ಇದೆ. ಒಂದೇ ಖರೀದಿಯನ್ನು ಎರಡು ದಿನದ ಬಿಲ್ಲಾಗಿ ಒಡೆಯುತ್ತಾರೆ, ಗಿರಾಕಿಯ ಬದಲು ತಮ್ಮದೇ ಫೋನ್ ನಂಬರ್ ಹೊಡೆಯುತ್ತಾರೆ. ಹದಿನೈದು ದಿನದೊಳಗಿನ ಬಿಲ್ಲನ್ನು ಮರುಭೇಟಿ ಎನ್ನಬೇಡಿ. ಒಂದೇ ನಂಬರ್ ಪದೇ ಪದೇ ಬಂದರೆ ನೋಡಿ. ನಂಬರ್ ಕೊಡಲೇಬೇಕೆಂದು ಗಿರಾಕಿಯನ್ನು ಪೀಡಿಸಬೇಡಿ, ಸೇಲ್ಸ್‌ಮನ್ ಕೋಡ್ ಬರೆದ ಚೀಟಿ ಸಾಕು.

ಮದುವೆ ಸೀರೆ ಅಂಗಡಿಗೆ ಇದು ಒಗ್ಗದು, ಅಲ್ಲಿ ಗಿರಾಕಿ ಮತ್ತೆ ಬರುವುದು ವರ್ಷಗಳ ಮೇಲೆ. ಇನ್ನೊಂದು ಮಾತು: ಮರುಭೇಟಿಯ ದುಡ್ಡು ತಡವಾಗಿ ಬರುತ್ತದೆ, ಮೊದಲ ತಿಂಗಳುಗಳಲ್ಲಿ ಹುಡುಗರ ಕೈಗೆ ಅರ್ಧವೇ. ಆ ಆರು ತಿಂಗಳು ಹಳೇ ಕಮಿಷನ್‌ಗಿಂತ ಕಡಿಮೆಯಾದದ್ದನ್ನು ಮಾಲೀಕರೇ ತುಂಬಿಕೊಡಬೇಕು. ಕೊಡದಿದ್ದರೆ ಅದು ಹೊಸ ಯೋಜನೆಯಲ್ಲ, ಸಂಬಳ ಕಡಿತ.