ಚಾ-ಗೀ ಅಂದ್ರ "ಚಹಾ ಇತ್ಯಾದಿ" ಅಲ್ಲ

ಹೋದ ವಾರ ನಮ್ಮ ಮೈದುನ ಊರಿಂದ ಬಂದಿದ್ರು. ಅವರು ಸಾಲಿ ಮಾಸ್ತರು. ಕೂತವರು ಸುಮ್ನ ಕೂಡಬೇಕಲ್ಲ, ಮಗಳ ಪ್ರಬಂಧದ ವಹಿ ತಗದು ನೋಡಿದ್ರು. "ನಮ್ಮ ಮನಿಗೆ ಯಾರರ ಬಂದ್ರ ಅಜ್ಜಿ ಮೊದಲ ಚಾ-ಗೀ ಕೇಳತಾಳ" ಅಂತ ಆಕಿ ಬರದಿದ್ಲು. ಮೈದುನ ಕೆಂಪು ಪೆನ್ನಿಲೆ "ಗೀ" ಹೊಡದು ಹಾಕಿ, ಮ್ಯಾಲೆ "ಚಹಾ ಇತ್ಯಾದಿ" ಅಂತ ತಿದ್ದಿದ್ರು. "ವೈನೀ, ಗೀ ಅನ್ನೋದು ಶಬ್ದನ ಅಲ್ಲ. ಯಾವ ನಿಘಂಟಿನ್ಯಾಗ ಅದ ಹೇಳ್ರಿ? ಅದು ಬರೇ ಬಾಯಿಚಟ" ಅಂದ್ರು. ನನ್ನ ಕೈಯಾಗ ರೊಟ್ಟಿ ಇತ್ತು, ಹಂಚು ಕಾದಿತ್ತು, ಅವತ್ತು ಏನೂ ಮಾತಾಡ್ಲಿಲ್ಲ. ಇವತ್ತು ಪುರಸೊತ್ತಾಗಿ ಕೂತೀನಿ, ಹೇಳತೀನಿ.

ಮೊದಲ ಅವರು ಹೇಳಿದ್ದು ಎಷ್ಟು ಖರೇ ಅದನೋ ಅಷ್ಟು ಒಪ್ಪಿಕೋತೀನಿ. ಗೀ ಅನ್ನೋದಕ್ಕ ಬಿಡಿಯಾಗಿ ಅರ್ಥ ಇಲ್ಲ. ನಿಘಂಟಿನ್ಯಾಗ ಹುಡುಕಿದ್ರ ಸಿಗೂದಿಲ್ಲ. ಯಾಕಂದ್ರ ಅದು ಶಬ್ದ ಅಲ್ಲ, ಶಬ್ದಕ್ಕ ಮಾಡೋ ಒಂದು ಕೆಲಸ. ಆ ಕೆಲಸಕ್ಕ ನಿಯಮ ಅದ, ಮತ್ತ ಆ ನಿಯಮ ನಮ್ಮ ಮನಿಯ ನಾಕು ವರ್ಷದ ಕೂಸಿಗೂ ಗೊತ್ತದ. ಶಬ್ದದ ಮೊದಲನೇ ಅಕ್ಷರ ತಗೀಬೇಕು, ಆ ಜಾಗಾದಾಗ ಗಿ ಇಡಬೇಕು, ಉಳದದ್ದು ಇದ್ದಂಗ ಬಿಡಬೇಕು. ತಗದ ಅಕ್ಷರ ಗಿಡ್ಡ ಇದ್ರ ಗಿ, ಉದ್ದ ಇದ್ರ ಗೀ. ರೊಟ್ಟಿ-ಗಿಟ್ಟಿ, ಸಕ್ಕರಿ-ಗಿಕ್ಕರಿ, ಆದ್ರ ಊಟ-ಗೀಟ, ಹಾವು-ಗೀವು. ಒತ್ತಕ್ಷರದಿಂದ ಶುರು ಆದ್ರ ಒತ್ತು ಸಹಿತ ಹೋಗತದ: ಪ್ರಸಾದ-ಗಿಸಾದ. ನಾವು ಚಾ ಅಂತೀವಿ, ಅದಕ್ಕ ಚಾ-ಗೀ. ಅದನ್ನ "ಚಹಾ" ಅಂತ ಬಿಡಿಸಿ ಅನ್ನೋವ್ರು ಚಹಾ-ಗಿಹಾ ಅಂತಾರ, ಯಾಕಂದ್ರ ಅವರ ಮೊದಲನೇ ಅಕ್ಷರ ಗಿಡ್ಡ. ಯಾರೂ ಕಲಿಸಿಲ್ಲ, ಯಾರೂ ತಪ್ಪಂಗಿಲ್ಲ.

ಈ ನಿಯಮಕ್ಕ ಒಂದು ಕಡೆ ಮಾತ್ರ ಗಂಟು ಬೀಳತದ. ಶಬ್ದನ ಗಿ ಇಂದ ಶುರು ಆದ್ರ ಏನು ಮಾಡೋದು? ಗಿಡ-ಗಿಡ ಅಂದ್ರ ಬ್ಯಾರೇನ ಆಗತದ. ಅಲ್ಲಿ ನಾವು ಹಾದಿ ಬದಲಿಸಿ ಗಿಡ-ಗಂಟಿ ಅಂತೀವಿ, ಗಿಡ-ಮರ ಅಂತೀವಿ. ಬಾಯಿಚಟ ಆಗಿದ್ರ ಇಷ್ಟು ಎಚ್ಚರ ಇರತಿತ್ತೇನು?

ಮೈದುನಗ ಮಕ್ಕಳು-ಮರಿ, ಬಟ್ಟಿ-ಬರಿ ಅಂದ್ರ ಸಿಟ್ಟಿಲ್ಲ. ಅವು "ಜೋಡುನುಡಿ", ವ್ಯಾಕರಣದ ಪುಸ್ತಕದಾಗ ಅವ, ಪರೀಕ್ಷಾದಾಗ ಬರತಾವ. ಆದ್ರ ಅವನ್ನ ಒಂದೊಂದಾಗಿ ಬಾಯಿಪಾಠ ಮಾಡಬೇಕು. ಹೊಸಾ ಸಾಮಾನು ಮನಿಗೆ ಬಂದ್ರ ಅದಕ್ಕ ಜೋಡುನುಡಿ ಸಿಗಂಗಿಲ್ಲ. ಗೀ ಹಂಗಲ್ಲ. ಮೊಬೈಲ್ ಬಂದ ದಿನಾನ ಮೊಬೈಲ್-ಗಿಬೈಲ್ ಆತು. ಕ್ರಿಯಾಪದಕ್ಕೂ ನಡೀತದ: "ಓಡಬ್ಯಾಡ, ಬಿದ್ದು-ಗಿದ್ದು ಪೆಟ್ಟು ಮಾಡ್ಕೋತಿ." ಮತ್ತ ಇದು ನಮ್ಮ ಹುಬ್ಬಳ್ಳಿ-ಧಾರವಾಡದ ಚಟಾನೂ ಅಲ್ಲ. ತೆಲುಗಿನವರು ನಮ್ಮಂಗ ಗಿ ಅಂತಾರ, ತಮಿಳಿನವರು ಕಿ ಅಂತಾರ, ನಮ್ಮ ಓಣಿಯ ಮರಾಠಿ ಮಂದಿ ಚಹಾ-ಬಿಹಾ ಅಂತಾರ, ಹಿಂದಿಯವರು ಚಾಯ್-ವಾಯ್. ತೋಡಾ, ಕೊಡವ ಭಾಷಾ ಅಭ್ಯಾಸ ಮಾಡಿದ ಎಂ. ಬಿ. ಎಮೆನೋ ಅನ್ನೋ ಪಂಡಿತರು 1956ರಾಗ ಬರದ ಲೇಖನದಾಗ, ಬ್ಯಾರೆ ಬ್ಯಾರೆ ಕುಲದ ಭಾರತದ ಭಾಷಾಗಳನ್ನ ಒಂದು ಮಾಡೋ ಗುಣಗಳ ಸಾಲಿನ್ಯಾಗ ಇದನ್ನೂ ಇಟ್ಟಾರ. ಇಷ್ಟು ಮಂದಿಗೆ ಒಂದ ಚಟ ಹತ್ತತದೇನು?

ಈಗ ನನ್ನ ಖರೇ ತಕರಾರಿಗೆ ಬರತೀನಿ. "ಇತ್ಯಾದಿ" ಅಂತ ತಿದ್ದಿದ್ದು ಶೈಲಿಯ ತಿದ್ದುಪಡಿ ಅಲ್ಲ, ಅರ್ಥಾನ ಬದಲಿ ಆತು. ಇತಿ, ಆದಿ: ಹಿಂಗ ಶುರು ಆಗೋದು. ಅದಕ್ಕ ಮುಂದ ಒಂದು ಪಟ್ಟಿ ಬೇಕು. "ಚಹಾ, ಕಾಫಿ ಇತ್ಯಾದಿ" ಅಂದ್ರ ಪಟ್ಟಿ ಕುಡಿಯೋದರ ಕಡೆ ಹೊಂಟದ ಅಂತ ತಿಳೀತದ. "ಚಹಾ, ಸಕ್ಕರಿ ಇತ್ಯಾದಿ" ಅಂದ್ರ ಕಿರಾಣಿ ಅಂಗಡಿ ಕಡೆ ಹೊಂಟದ. ಬರೇ "ಚಹಾ ಇತ್ಯಾದಿ" ಅಂದ್ರ ಎಲ್ಲಿ ಹೊಂಟದ ಅಂತ ಗೊತ್ತಾಗಂಗಿಲ್ಲ. ಅಂದ್ರ ಇತ್ಯಾದಿ ತನ್ನ ದಿಕ್ಕನ್ನ ಕಾಗದದ ಮ್ಯಾಲಿನ ಪಟ್ಟಿಯಿಂದ ತಗೋತದ.

ಗೀ ತನ್ನ ದಿಕ್ಕನ್ನ ಕೇಳೋರಿಂದ, ಹೊತ್ತಿನಿಂದ, ಜಾಗಾದಿಂದ ತಗೋತದ. ಅದಕ್ಕ ಒಂದ ಶಬ್ದ ಸಾಕು. ಮುಂಜಾನೆ ಬೀಗರು ಬಂದಾಗ "ಚಾ-ಗೀ ಆತೇನ್ರಿ?" ಅಂದ್ರ ಚಾದ ಜೋಡಿ ಅವಲಕ್ಕಿ, ಚೂಡಾ, ಬಿಸ್ಕೀಟು ಎಲ್ಲಾ ಬಂತು. ಕಾಫಿ ಕುಡದು ಬಂದವರೂ "ಆತ್ರಿ" ಅಂತಾರ, ಅದು ಸುಳ್ಳಲ್ಲ. ಬೇಕಾದ್ರ "ಬ್ಯಾಡ" ಅನ್ನೋ ಮಾತಿನ್ಯಾಗ ಹಾಕಿ ನೋಡ್ರಿ. "ನಂಗ ಚಾ ಬ್ಯಾಡ" ಅಂತ ಅತಿಥಿ ಅಂದ್ರ ನಾವು "ಮಜ್ಜಿಗಿ ಕೊಡ್ಲೇನ್ರಿ?" ಅಂತ ಕೇಳಬಹುದು, ಹಾದಿ ತೆರದದ. "ಚಾ-ಗೀ ಏನೂ ಬ್ಯಾಡ್ರಿ" ಅಂದ್ರ ಮಜ್ಜಿಗಿನೂ ಮುಗೀತು, ಒಲಿ ಹಚ್ಚೋದ ಬ್ಯಾಡ. ಒಂದ ಅಕ್ಷರ ಬಾಗಲಾ ಹಾಕತು. "ಚಹಾ ಇತ್ಯಾದಿ ಬ್ಯಾಡ" ಅಂತ ಯಾವ ಅತಿಥಿನೂ ಅಂದಿಲ್ಲ, ಅನ್ನೋದೂ ಇಲ್ಲ.

ಇದು ಬರೇ ಮಾತಿನ ಚಂದದ ವಿಷಯ ಆಗಿದ್ರ ನಾನೂ ರೊಟ್ಟಿ ಬಡಕೋತ ಸುಮ್ನಿರತಿದ್ದೆ. ಆದ್ರ ಎರಡು ತಿಂಗಳ ಹಿಂದ ನಮ್ಮ ಅತ್ತಿಯವರಿಗೆ ಸಕ್ಕರಿ ಕಾಯಿಲೆಯ ರಕ್ತ ಪರೀಕ್ಷಾ ಮಾಡಸೋದಿತ್ತು. ಖಾಲಿ ಹೊಟ್ಟಿಲೆ ಮಾಡೋದು. ರಾತ್ರಿ ಊಟ ಆದಮ್ಯಾಲೆ ಕಡಿಮಿ ಅಂದ್ರೂ ಎಂಟು ತಾಸು ಏನೂ ಹೊಟ್ಟಿಗೆ ಹೋಗಬಾರದು, ನೀರೊಂದು ನಡೀತದ. ಪರೀಕ್ಷಾ ಮಾಡೋ ಕಡೆ ಒಂದು ಚೀಟಿ ಕೊಟ್ಟಿದ್ರು. ಅದರಾಗ "ನೀರನ್ನು ಹೊರತುಪಡಿಸಿ ಚಹಾ, ಕಾಫಿ ಇತ್ಯಾದಿ ಪಾನೀಯಗಳನ್ನು ಸೇವಿಸಬಾರದು" ಅಂತ ಶುದ್ಧ ಕನ್ನಡದಾಗ ಛಾಪಿಸಿದ್ರು.

ಅತ್ತಿಯವರಿಗೆ ಕನ್ನಡ ಚಲೋ ಓದ್ಲಿಕ್ಕೆ ಬರತದ. ಅವರು ಎರಡು ಸಲ ಓದಿದ್ರು. ಮುಂಜಾನೆ ಎದ್ದು ಚಾ ಮುಟ್ಟಲಿಲ್ಲ, ಹಾಲೂ ಮುಟ್ಟಲಿಲ್ಲ. ಹೊಟ್ಟಿ ಉರೀತದಂತ ಎರಡು ಬಿಸ್ಕೀಟು ತಿಂದು ಒಂದು ಲೋಟ ನೀರು ಕುಡದ್ರು. ಅಲ್ಲಿ ಹೋದಮ್ಯಾಲೆ ಸೂಜಿ ಹಿಡಕೊಂಡ ಹುಡುಗಿ ಕೇಳಿದ್ಲು: "ಅಜ್ಜಿ, ಮುಂಜಾನೆ ಚಾ-ಗೀ ಏನರ ತಗೊಂಡೀರೇನು?" ಅತ್ತಿ ಅಲ್ಲೇ ತಡದ್ರು. "ಚಾ ಇಲ್ಲವಾ, ಬಿಸ್ಕೀಟು ತಿಂದೀನಿ" ಅಂದ್ರು. ಆಕಿ ಸೂಜಿ ಕೆಳಗ ಇಟ್ಟು, "ನಾಳೆ ಬರ್ರಿ" ಅಂತ ಕಳಿಸಿದ್ಲು. ಹಂಗ ರಕ್ತ ತಗದಿದ್ರ ಸಕ್ಕರಿ ಇಲ್ಲದಷ್ಟು ಹೆಚ್ಚು ಬರತಿತ್ತು, ಆ ಅಂಕಿ ನೋಡಿ ಡಾಕ್ಟರು ಗುಳಿಗಿ ಏರಸಬಹುದಿತ್ತು.

ಈಗ ತೂಗಿ ನೋಡ್ರಿ. ಚೀಟಿ ತಪ್ಪು ಹೇಳಿರಲಿಲ್ಲ, ಅತ್ತಿಯವರೂ ತಪ್ಪು ಓದಿರಲಿಲ್ಲ. "ಚಹಾ, ಕಾಫಿ ಇತ್ಯಾದಿ ಪಾನೀಯ" ಅಂದಮ್ಯಾಲೆ ಪಟ್ಟಿ ಕುಡಿಯೋದರ ದಿಕ್ಕು ಹಿಡೀತು. ಬಿಸ್ಕೀಟು ಪಾನೀಯ ಅಲ್ಲ, ಪಟ್ಟಿಯ ಹೊರಗ ಉಳೀತು. ಹುಡುಗಿ "ಚಾ-ಗೀ" ಅಂದಾಗ ಪಟ್ಟಿನ ಇರಲಿಲ್ಲ. ಮುಂಜಾನೆ ಚಾದ ಹೊತ್ತಿನ್ಯಾಗ ನಮ್ಮ ಮನಿಯಾಗ ಏನೇನು ಬಾಯಿಗೆ ಹೋಗತದ ಅನ್ನೋದು ಅತ್ತಿಯವರಿಗೇ ಗೊತ್ತು, ಅದನ್ನೆಲ್ಲಾ ಅವರು ತಾವ ತುಂಬಿಕೊಂಡ್ರು. ಚೀಟಿ ಬರದವರಿಗೆ ನಮ್ಮ ಮನಿಯ ಬಿಸ್ಕೀಟಿನ ಡಬ್ಬಿ ಗೊತ್ತಿಲ್ಲ, ಗೊತ್ತಿರೋದು ಬೇಕಾಗಿಯೂ ಇಲ್ಲ. ಗೀ ಆ ಡಬ್ಬಿ ತನಕಾ ಹೋಗಿ ಬರತದ.

ಮೈದುನ ಇದನ್ನ ಓದಿ "ಹಂಗಿದ್ರ ಎಲ್ಲಾ ಕಡೆ ಗೀ ಬರೀರಿ" ಅಂತ ನಗಬಹುದು. ಇಲ್ರಿ, ಅದು ಎಲ್ಲಿ ಕೈ ಕೊಡತದ ಅಂತಾನೂ ನಮಗ ಗೊತ್ತದ. ಎಣಿಸಿ ಕೊಡೋ ಕಡೆ ನಡಿಯಂಗಿಲ್ಲ: "ಮೂರು ಚಾ ಕೊಡ್ರಿ" ಅಂತೀವಿ, "ಮೂರು ಚಾ-ಗೀ ಕೊಡ್ರಿ" ಅಂದ್ರ ಅಂಗಡಿಯವ ಮುಖಾ ನೋಡತಾನ. ಮಾಡ್ರಿ ಅಂತ ಹೇಳೋ ಕಡೆಯೂ ನಡಿಯಂಗಿಲ್ಲ. "ರಾತ್ರಿ ಗುಳಿಗಿ-ಗಿಳಿಗಿ ತಗೋರಿ" ಅಂತ ಡಾಕ್ಟರು ಅಂದ್ರ ಯಾವ ಗುಳಿಗಿ ಅಂತ ನುಂಗೋದು? ಅಲ್ಲಿ ಹೆಸರು ಬೇಕು, ಎಷ್ಟು ಅಂತ ಬೇಕು. ಬ್ಯಾಡ ಅನ್ನೋ ಕಡೆ ಗೀ ಗಟ್ಟಿ, ಮಾಡು ಅನ್ನೋ ಕಡೆ ಹೆಸರ ಗಟ್ಟಿ.

ಇನ್ನೊಂದು ಕಡೆ ಗೀ ಚುಚ್ಚತದ. ಮನುಷ್ಯಾರಿಗೆ ಹಚ್ಚಿದ್ರ. "ಮಾಸ್ತರು-ಗೀಸ್ತರು ನಂಗೇನು ಹೇಳತಾರ" ಅಂದ್ರ ಅದು ಬೈಗಳನ. ಯಾಕಂದ್ರ ಗೀ ಒಂದನ್ನ ಅದರಂಥಾ ಹತ್ತರಾಗ ಕೂಡಿಸತದ. ಬಿಸ್ಕೀಟಿಗೆ ಹಂಗ ಕೂಡಿಸಿದ್ರ ಬೇಜಾರಿಲ್ಲ, ಮನುಷ್ಯಾಗ ಅದ. ಅದಕ್ಕ ಹಿರಿಯರ ಹೆಸರಿಗೆ ಗೀ ಹಚ್ಚಬಾರದು ಅಂತ ಮಗಳಿಗೆ ನಾನ ಹೇಳೀನಿ. ಅದು ಮೈದುನಗ ಕೇಳಸಲಿ ಅಂತ ಇಲ್ಲಿ ಮತ್ತೊಮ್ಮೆ ಹೇಳೀನಿ.

ಅಂದಮ್ಯಾಲೆ ಮಗಳ ವಹಿಯಾಗ ಏನು ಇರಬೇಕು? ಅಜ್ಜಿ ಬಂದವರಿಗೆ ಕೇಳೋದು "ಚಹಾ ಇತ್ಯಾದಿ" ಅಲ್ಲ. ಬಂದವರಿಗೆ ಏನು ಬೇಕೋ ಅದನ್ನ ಅವರ ಹೇಳಲಿ ಅಂತ ಜಾಗಾ ಬಿಟ್ಟು ಕೇಳತಾರ. ಅದಕ್ಕ ಇರೋ ಶಬ್ದ ಚಾ-ಗೀ. ನಾನು ಕೆಂಪು ಗೆರಿ ಮ್ಯಾಲೆ ಪೆನ್ಸಿಲ್ಲಿಲೆ ಮತ್ತ ಗೀ ಬರದೀನಿ. ಸಾಲ್ಯಾಗ ಒಂದು ಮಾರ್ಕು ಹೋದ್ರ ಹೋಗಲಿ.

ನಿನ್ನೆ ರಾತ್ರಿ ಅತ್ತಿಯವರ ಫೋನಿಗೆ ಯಾರೋ ಬ್ಯಾಂಕಿನವರು ಅಂತ ಹೇಳಿ ಮಾತಾಡ್ಲಿಕ್ಕೆ ಹತ್ತಿದ್ರು. ಮಗಳು ಒಳಗಿಂದ ಒದರಿದ್ಲು: "ಅಜ್ಜೀ, ಓಟಿಪಿ-ಗೀಟಿಪಿ ಏನೂ ಹೇಳಬ್ಯಾಡ!" ಅವರು ಕೇಳಿದ್ದು ಓಟಿಪಿ ಅಲ್ಲ, ಕಾರ್ಡಿನ ಹಿಂದಿನ ಮೂರು ಅಂಕಿ. ಅತ್ತಿ ಅದನ್ನೂ ಹೇಳಲಿಲ್ಲ, ಫೋನು ಇಟ್ಟುಬಿಟ್ರು.